ಏಳನೇ ದಿನದ ತೂಕ

ನಾನು ಕಾಪಿ ಹೊಡೆದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಯಾರಿಗಾದರೂ ನನ್ನ ಮೇಲೆ ಕನಿಕರ ಬಂದರೆ ಅದು ಅವರ ತಪ್ಪು, ನನ್ನದಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಆರನೇ ಸೆಮಿಸ್ಟರಿನಲ್ಲಿದ್ದೆ. ನಮ್ಮೂರು ಹೆಗ್ಗದ್ದೆಯ ಹತ್ತಿರ, ಕಾಲೇಜು ಅಲ್ಲಿಂದ ಎರಡು ಬಸ್ಸು ಬದಲಿಸಿ ನಾಲ್ಕು ಗಂಟೆ ಹೋಗಬೇಕಾದ ದೂರದಲ್ಲಿ. ತರಗತಿಯಲ್ಲಿ ನಾನೇ ಮೊದಲು. ಹಾಗೆಂದರೆ ಏನು ಅಂತ ಆಗ ನನಗೂ ಗೊತ್ತಿರಲಿಲ್ಲ. ಪ್ರಶ್ನೆ ಕೊಟ್ಟರೆ ಉತ್ತರ ಬರೆಯುತ್ತಿದ್ದೆ, ಅಷ್ಟೆ.

ಅದೇ ತರಗತಿಯಲ್ಲಿ ನಮ್ಮ ಕಡೆಯವಳೇ ಒಬ್ಬಳಿದ್ದಳು. ಹೆತ್ತೂರಿನ ಆಚೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ಅವಳಪ್ಪ ರೈಟರ್. ಆಳುಗಳ ಹಾಜರಿ ಬರೆಯುವುದು, ಸ್ಟೋರ್ ನೋಡಿಕೊಳ್ಳುವುದು, ಕೊಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದು ಅವರ ಕೆಲಸ. ಹಬ್ಬಕ್ಕೆ, ರಜೆಗೆ ಊರಿಗೆ ಹೋಗುವಾಗ ಬಾಳ್ಳುಪೇಟೆಯವರೆಗೆ ನಾವಿಬ್ಬರೂ ಒಂದೇ ಬಸ್ಸು. ಸೀಟು ಹಿಡಿಯುವುದು ನನ್ನ ಕೆಲಸ, ಕಡಲೆಕಾಯಿ ಕೊಳ್ಳುವುದು ಅವಳ ಕೆಲಸ. ಅಂಕಗಳಲ್ಲಿ ಅವಳು ಮೂರನೆಯವಳೋ ನಾಲ್ಕನೆಯವಳೋ ಆಗಿರುತ್ತಿದ್ದಳು. ಆದರೆ ಪ್ರಯೋಗಶಾಲೆಯಲ್ಲಿ ಅವಳ ರೀಡಿಂಗ್ ಯಾವತ್ತೂ ಸರಿ ಬರುತ್ತಿತ್ತು.

ರೀಡಿಂಗ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ನನ್ನ ಪಾಪವೆಲ್ಲ ಅಲ್ಲೇ ಇದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಯಾರನ್ನು ಬೇಕಾದರೂ ಕೇಳಿ. ಪ್ರಯೋಗ ಮಾಡುವುದು ಒಂದು ಗುಂಪು, ಯಂತ್ರದ ಮುಂದೆ ನಿಲ್ಲುವವರು ಇಬ್ಬರು, ಬರೆದುಕೊಳ್ಳುವವಳು ಒಬ್ಬಳು. ಸಂಜೆ ಹಾಸ್ಟೆಲಿನಲ್ಲಿ ಅದೇ ಅಂಕಿಗಳು ನಲವತ್ತು ರೆಕಾರ್ಡ್ ಪುಸ್ತಕಗಳಿಗೆ ಇಳಿಯುತ್ತವೆ. ಪೀಠಿಕೆ ಬದಲಿಸಬಹುದು, ವಾಕ್ಯ ಹಿಂದೆ ಮುಂದೆ ಮಾಡಬಹುದು. ರೀಡಿಂಗ್ ಮಾತ್ರ ಮುಟ್ಟಬಾರದು, ಮುಟ್ಟಿದರೆ ಗ್ರಾಫ್ ಕೆಡುತ್ತದೆ. ಇದನ್ನು ಯಾರೂ ಕಳ್ಳತನ ಅನ್ನುತ್ತಿರಲಿಲ್ಲ. 'ನಿನ್ನ ರೆಕಾರ್ಡ್ ಸ್ವಲ್ಪ ಕೊಡೇ' ಅನ್ನುವುದು 'ಸ್ವಲ್ಪ ನೀರು ಕೊಡೇ' ಅಂದಷ್ಟೇ ಸಲೀಸು. ಅವಳ ರೆಕಾರ್ಡ್ ಮೂರು ವರ್ಷ ನನ್ನ ಕೋಣೆಯಲ್ಲೇ ಹೆಚ್ಚು ದಿನ ಇತ್ತು.

ಆ ವರ್ಷ ನಮ್ಮ ಕಾಲೇಜಿಗೂ ಜರ್ಮನಿಯ ಒಂದು ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿತ್ತು. ಏಳನೇ ಸೆಮಿಸ್ಟರನ್ನು ಅಲ್ಲಿ ಓದಬಹುದು. ಅಲ್ಲಿ ಫೀಸಿಲ್ಲ, ಇರುವುದಕ್ಕೆ ವಿದ್ಯಾರ್ಥಿವೇತನ ಉಂಟು. ಓದಿದ ವಿಷಯಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ, ಅದಕ್ಕೆ ಮೊದಲೇ ಯಾವ ವಿಷಯಕ್ಕೆ ಯಾವುದು ಸಮ ಅಂತ ಪಟ್ಟಿ ಮಾಡಿ ಎರಡೂ ಕಡೆಯವರು ಸಹಿ ಹಾಕಬೇಕು. ಕಾಲೇಜು ಮೂವರ ಹೆಸರು ಕಳಿಸುತ್ತದೆ, ಅವರು ಇಬ್ಬರನ್ನು ಆರಿಸುತ್ತಾರೆ. ಆ ಮೂವರಲ್ಲಿ ನಾನಿದ್ದೆ, ಅವಳಿದ್ದಳು, ನಮ್ಮ ತರಗತಿಯ ಇನ್ನೊಬ್ಬ ಹುಡುಗನಿದ್ದ. ಅಂಕಪಟ್ಟಿಯ ಜೊತೆಗೆ ಒಂದು ಪುಟದ ಪತ್ರ ಬರೆಯಬೇಕು. ಅದಕ್ಕೆ ಮೋಟಿವೇಷನ್ ಲೆಟರ್ ಅಂತ ಹೆಸರು. ಯಾಕೆ ಬರುತ್ತೀಯ, ನಮ್ಮಲ್ಲಿಗೇ ಯಾಕೆ, ಬಂದು ಏನು ಓದುತ್ತೀಯ, ವಾಪಸು ಹೋಗಿ ಏನು ಮಾಡುತ್ತೀಯ, ಇಷ್ಟನ್ನು ಹೇಳಬೇಕು.

ಈ ಕೆಲಸ ನೋಡಿಕೊಳ್ಳುತ್ತಿದ್ದವರು ನಮ್ಮ ವಿಭಾಗದ ಒಬ್ಬರು ಮೇಡಂ. ನನ್ನ ಮೊದಲ ಪತ್ರವನ್ನು ಅವರು ನಿಂತುಕೊಂಡೇ ಓದಿ ಮುಗಿಸಿದರು. ನಿಮ್ಮ ಘನ ವಿಶ್ವವಿದ್ಯಾಲಯ, ಬಾಲ್ಯದ ಕನಸು, ಜಾಗತಿಕ ಅನುಭವ, ಎಲ್ಲವೂ ಅದರಲ್ಲಿತ್ತು.

"ಇದರ ಮೇಲೆ ಯಾವ ಯೂನಿವರ್ಸಿಟಿ ಹೆಸರು ಹಾಕಿದ್ರೂ ನಡೆಯುತ್ತೆ, ಕೆಳಗೆ ಯಾರ ಹೆಸರು ಹಾಕಿದ್ರೂ ನಡೆಯುತ್ತೆ," ಅಂದರು. "ನೀನೆಲ್ಲಿದ್ದೀಯ ಇದರಲ್ಲಿ? ನಿನಗೆ ಏನು ಗೊತ್ತಾಗಬೇಕು? ಅದು ಅಲ್ಲಿ ಮಾತ್ರ ಯಾಕೆ ಗೊತ್ತಾಗುತ್ತೆ? ಅದನ್ನು ಬರಿ."

ನಾನು ಮೂರು ದಿನ ಕೂತೆ. ನನಗೆ ಏನು ಗೊತ್ತಾಗಬೇಕು? ನಿಜ ಹೇಳುತ್ತೇನೆ, ನನಗೆ ಏನೂ ಗೊತ್ತಾಗಬೇಕಾಗಿರಲಿಲ್ಲ. ಮೊದಲ ರ‍್ಯಾಂಕಿನವನು ಹೋಗಲಿಲ್ಲ ಅಂದರೆ ಜನ ಏನಂತಾರೆ ಅನ್ನುವುದೊಂದೇ ನನ್ನ ಮೋಟಿವೇಷನ್. ಅದನ್ನು ಬರೆಯಲಾಗುವುದಿಲ್ಲ. ಖಾಲಿ ಹಾಳೆಯ ಮುಂದೆ ಕೂತಾಗ ಹೆದರಿಕೆ ಆಯಿತು. ಇಪ್ಪತ್ತು ವರ್ಷ ಬದುಕಿ ಒಂದು ಪ್ರಶ್ನೆಯೂ ಹುಟ್ಟದ ತಲೆ ನನ್ನದು ಅನ್ನುವುದು ಮೊದಲ ಸಲ ಕಣ್ಣಿಗೆ ಬಿತ್ತು.

ನಾಲ್ಕನೇ ದಿನ ಕ್ಯಾಂಟೀನಿನಲ್ಲಿ ಅವಳನ್ನು ಕೇಳಿದೆ. "ನಿನ್ನ ಲೆಟರ್ ಸ್ವಲ್ಪ ಕೊಡೇ ಮಾರಾಯ್ತಿ, ಫಾರ್ಮ್ಯಾಟ್ ನೋಡ್ಬುಟ್ಟು ಕೊಡ್ತೀನಿ."

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ನಾಳೆ ಕೊಡು ಕಣೋ, ಮೇಡಂ ಇನ್ನೊಂದ್ಸಲ ನೋಡ್ತೀನಿ ಅಂದವ್ರೆ," ಅಂತ ಫೈಲನ್ನೇ ಕೈಗಿಟ್ಟಳು. ಅದರಲ್ಲಿ ಪತ್ರವಿತ್ತು, ಜೊತೆಗೆ ಒಂದು ನೋಟ್‌ಬುಕ್ಕೂ ಇತ್ತು.

ಆ ಪತ್ರ ನನಗೆ ಇವತ್ತಿಗೂ ಬಾಯಿಪಾಠ. ಅವಳಪ್ಪ ಪಾರ್ಚ್‌ಮೆಂಟ್ ಕಾಫಿ, ಅಂದರೆ ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು ತೊಳೆದ ಬೀಜ, ಒಣಗಿತೋ ಇಲ್ಲವೋ ಅನ್ನುವುದನ್ನು ಹಲ್ಲಿನಲ್ಲಿ ಕಚ್ಚಿ ಹೇಳುತ್ತಾರೆ ಅಂತ ಅದು ಶುರುವಾಗುತ್ತಿತ್ತು. ಅವರು ತಪ್ಪುವುದಿಲ್ಲ, ಆದರೆ ಹಲ್ಲಿಗೆ ಗೊತ್ತಾದದ್ದು ಲೆಕ್ಕಕ್ಕೆ ಯಾಕೆ ಸಿಗುವುದಿಲ್ಲ ಅನ್ನುವುದು ಅವಳ ಪ್ರಶ್ನೆ. ಜನವರಿ ರಜೆಯಲ್ಲಿ ಐದು ಕಿಲೋ ಹಸಿ ಬೀಜವನ್ನು ಒಂದು ತಟ್ಟೆಯಲ್ಲಿ ಹರಡಿ, ದಿನಾ ಬೆಳಿಗ್ಗೆ ಸಂಜೆ ಸ್ಟೋರಿನ ತಕ್ಕಡಿಯಲ್ಲಿ ತೂಗಿದ್ದಳು. ಮೊದಲ ದಿನಗಳಲ್ಲಿ ಸರಸರ ಇಳಿದ ತೂಕ ಆಮೇಲೆ ನಿಧಾನವಾಗುತ್ತದೆ. ಏಳನೇ ದಿನ ಬೆಳಿಗ್ಗೆ ಮಾತ್ರ ಇಳಿಯುವ ಬದಲು ಇನ್ನೂರು ಗ್ರಾಂ ಏರಿತ್ತು. ರಾತ್ರಿಯ ಮಂಜನ್ನು ಬೀಜ ವಾಪಸು ಕುಡಿದಿತ್ತು. ಹನ್ನೊಂದನೇ ದಿನಕ್ಕೆ ಎರಡು ಕಿಲೋ ಏಳ್ನೂರಕ್ಕೆ ನಿಂತಿತು.

ಈ ಏರಿದ ಇನ್ನೂರು ಗ್ರಾಮಿನಿಂದ ಅವಳು ಜರ್ಮನಿಗೆ ದಾರಿ ಮಾಡಿದ್ದಳು. ಆ ವಿಶ್ವವಿದ್ಯಾಲಯದಲ್ಲಿ ಬೆಳೆಗಳನ್ನು ಬಿಸಿಲಿನ ಶಾಖದಲ್ಲಿ ಒಣಗಿಸುವ ಪ್ರಯೋಗಶಾಲೆ ಇದೆ. ಒಣಗಿಸುವ ತಂತ್ರದ ಮೇಲೆ ಒಂದು ವಿಷಯ, ಶಾಖ ಮತ್ತು ತೇವ ಒಟ್ಟಿಗೆ ಸಾಗುವ ಬಗ್ಗೆ ಇನ್ನೊಂದು, ಎರಡೂ ಚಳಿಗಾಲದ ಸೆಮಿಸ್ಟರಿನಲ್ಲೇ ಇವೆ, ಎರಡನ್ನೂ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ನಮ್ಮಲ್ಲಿ ಶಾಖದ ಪಾಠ ಇದೆ, ತೇವದ ಪಾಠ ಇಲ್ಲ. ಅದನ್ನು ಕಲಿತು ಬಂದು ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ, ಮಂಜು ಬೀಳುವ ಕಣದಲ್ಲಿ ರಾತ್ರಿ ತೇವ ಕುಡಿಯದಂತೆ ಕಾಯುವ ಒಂದು ಸಣ್ಣ ಡ್ರೈಯರ್ ಮಾಡುತ್ತೇನೆ ಅಂತ ಮುಗಿಸಿದ್ದಳು. ಎಲ್ಲೂ ಘನವೂ ಇರಲಿಲ್ಲ, ಕನಸೂ ಇರಲಿಲ್ಲ. ಓದಿದರೆ ಇವಳನ್ನು ಕಳಿಸದೆ ಇನ್ಯಾರನ್ನು ಕಳಿಸುತ್ತೀರಿ ಅನ್ನಿಸುತ್ತಿತ್ತು. ನನಗೂ ಹಾಗೇ ಅನ್ನಿಸಿತು, ಮತ್ತು ಹೊಟ್ಟೆ ಉರಿಯಿತು.

ನೋಟ್‌ಬುಕ್ಕಿನಲ್ಲಿ ತೂಕದ ಪಟ್ಟಿ ಇತ್ತು. ಪಕ್ಕದ ಪುಟದಲ್ಲಿ ಇಂಗ್ಲಿಷಿನಲ್ಲಿ ಅದೇ ಪ್ಯಾರಾವನ್ನು ಆರೇಳು ಸಲ ಹೊಡೆದು ಹಾಕಿ ಬರೆದಿದ್ದಳು.

ಕೂತು ಬರೆದೆ. ನನಗೆ ನಾನೇ ಕೊಟ್ಟುಕೊಂಡ ಸಮಾಧಾನ ಕೇಳಿ. ನಮ್ಮ ಮನೆಯಲ್ಲೂ ತೋಟ ಇದೆ, ನಮ್ಮ ಕಣದಲ್ಲೂ ಮಂಜು ಬೀಳುತ್ತದೆ, ಹಾಗಾಗಿ ಇದು ನನಗೂ ನಿಜವೇ. ನಮ್ಮದು ಬರೀ ರೊಬಸ್ಟಾ, ಹಣ್ಣನ್ನು ಸಿಪ್ಪೆಸಮೇತ ಒಣಗಿಸುವವರು, ಪಲ್ಪರ್ ಕೂಡ ಇಲ್ಲ ಅನ್ನುವುದು ಜರ್ಮನಿಯವರಿಗೆ ಹೇಗೆ ಗೊತ್ತಾಗಬೇಕು? 'ನನ್ನ ತಂದೆ ರೈಟರ್ ಆಗಿರುವ ಎಸ್ಟೇಟಿನಲ್ಲಿ' ಅನ್ನುವುದನ್ನು 'ನಮ್ಮ ಎಸ್ಟೇಟಿನಲ್ಲಿ' ಮಾಡಿದೆ. ಹಲ್ಲನ್ನು ನಮ್ಮಪ್ಪನ ಬಾಯಿಗೆ ಹಾಕಿದೆ. ಪ್ಯಾರಾ ಹಿಂದೆ ಮುಂದೆ ಮಾಡಿದೆ. ಡ್ರೈಯರ್ ಬದಲು ತೇವ ಅಳೆಯುವ ಉಪಕರಣ ಅಂದೆ. ಅಂಕಿಗಳನ್ನು ಮುಟ್ಟಲಿಲ್ಲ. ಐದು ಕಿಲೋ, ಹನ್ನೊಂದು ದಿನ, ಎರಡು ಏಳ್ನೂರು, ಏಳನೇ ದಿನದ ಇನ್ನೂರು ಗ್ರಾಂ. ರೀಡಿಂಗ್ ಮುಟ್ಟಬಾರದಲ್ಲ.

ಮಾರನೇ ದಿನ ಅವಳ ಪತ್ರ ವಾಪಸು ಕೊಟ್ಟೆ. ನೋಟ್‌ಬುಕ್ ನನ್ನ ಮೇಜಿನ ಮೇಲೇ ಉಳಿಯಿತು, ಅವಳು ಕೇಳಲೂ ಇಲ್ಲ. ನನ್ನದನ್ನು ನಾನು ಕೊನೆಯ ದಿನ, ಮೇಡಂ ಗಡಿಬಿಡಿಯಲ್ಲಿದ್ದಾಗ ಕೊಟ್ಟೆ. ಮೂವರ ಕಾಗದಗಳೂ ಸ್ಕ್ಯಾನ್ ಆಗಿ ಹೋದವು.

ಎರಡು ವಾರದ ಮೇಲೆ ಮೇಡಂ ನಮ್ಮಿಬ್ಬರನ್ನು ಕರೆದರು. ಅವರ ಮೇಜಿನ ಮೇಲೆ ನಮ್ಮ ಎರಡು ಪತ್ರಗಳು ಅಕ್ಕಪಕ್ಕ ಇದ್ದವು. ಎರಡರಲ್ಲೂ ಏಳನೇ ದಿನದ ಸಾಲಿನ ಕೆಳಗೆ ಗೆರೆ.

"ಅಲ್ಲಿಂದ ಮೇಲ್ ಬಂದಿದೆ," ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. "ಎರಡು ಬೇರೆ ಬೇರೆ ಎಸ್ಟೇಟಿನಲ್ಲಿ ಒಂದೇ ದಿನ, ಒಂದೇ ತೂಕ ಏರಿದ್ದು ಹೇಗೆ ಅಂತ ಕೇಳಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ಕಾಲೇಜು ಉತ್ತರ ಕೊಡಬೇಕು. ಯಾರದು ಇದು?"

ಅವಳು ನನ್ನ ಪತ್ರವನ್ನು ಎತ್ತಿಕೊಂಡು ಓದಿದಳು. ಪೂರ್ತಿ ಓದಿದಳು. ನಾನು ನೆಲ ನೋಡುತ್ತಿದ್ದೆ. ಆ ಎರಡು ನಿಮಿಷ ನನ್ನ ತಲೆ ಪರೀಕ್ಷೆಯಲ್ಲಿ ಓಡುವ ಹಾಗೆ ಓಡಿತು, ಮತ್ತು ಅದಕ್ಕೆ ಒಂದು ಉತ್ತರ ಹೊಳೆಯಿತು.

"ಒಟ್ಟಿಗೆ ಪ್ರಯೋಗ ಮಾಡಿದ್ವಿ ಮೇಡಂ," ಅಂದೆ. "ಇಬ್ರೂ ಒಂದೇ ಕಡೆಯವ್ರು. ರೀಡಿಂಗ್ಸ್ ಇಬ್ಬರದೂ."

ಇಬ್ಬರೂ ಉಳಿಯುತ್ತೇವೆ ಅಂತ ಆಗ ನಿಜವಾಗಿಯೂ ಅಂದುಕೊಂಡೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಅಂತಲೂ ಅಂದುಕೊಂಡಿರಬೇಕು, ಅಂಥ ಮನುಷ್ಯ ನಾನು.

"ಇಲ್ಲ ಮೇಡಂ," ಅಂದಳು ಅವಳು. ನನ್ನ ಪತ್ರವನ್ನು ಮೇಜಿನ ಮೇಲಿಟ್ಟಳು. "ಅದು ನಮ್ಮಪ್ಪ ನಿಲ್ಲೋ ಕಣ. ಇವ್ನು ಅಲ್ಲಿಗೆ ಒಂದಿನಾನೂ ಬಂದಿಲ್ಲ. ನೋಟ್‌ಬುಕ್ ಐತೆ, ಅದ್ರಲ್ಲಿ ದಿನಾ ಬರ್ದಿದೀನಿ."

"ಎಲ್ಲಿದೆ ನೋಟ್‌ಬುಕ್?"

ಅವಳು ನನ್ನ ಕಡೆ ನೋಡಿದಳು. "ಇವ್ನತ್ರ ಐತೆ."

ಹಾಸ್ಟೆಲಿಗೆ ಹೋಗಿ ತಂದುಕೊಟ್ಟೆ. ದಾರಿಯಲ್ಲಿ ಅದನ್ನು ಎಸೆಯಲಿಲ್ಲ ಅನ್ನುವುದೊಂದೇ ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ. ಆದರೆ ಅದು ನನ್ನ ಮೇಜಿನಿಂದ ಬಂದದ್ದೇ ನನ್ನ ಸುಳ್ಳನ್ನು ನಿಜ ಅನ್ನಿಸುವಂತೆ ಮಾಡಿತು. ಮೇಡಂ ಪುಟ ತಿರುಗಿಸಿ ನೋಡಿ, "ಅಕ್ಷರ ಇವಳದು, ಸರಿ. ಪತ್ರ ಮೊದಲು ತೋರಿಸಿದ್ದೂ ಇವಳೇ. ಆದ್ರೆ ಲ್ಯಾಬ್‌ನಲ್ಲೂ ಬರೆಯೋಳು ಇವಳೇ, ತೂಕ ನೋಡೋರು ಬೇರೆ. ಇದನ್ನಿಟ್ಟುಕೊಂಡು ಏನಂತ ಹೇಳಲಿ ಅವರಿಗೆ?" ಅಂದರು. ಆಮೇಲೆ ನನ್ನನ್ನೊಬ್ಬನನ್ನೇ ನಿಲ್ಲಿಸಿಕೊಂಡು, ಅವಳನ್ನು ಹೊರಗೆ ಕಳಿಸಿ, ಮೆತ್ತಗೆ ಹೇಳಿದರು. "ನೋಡು, ಶಿಸ್ತು ಸಮಿತಿ ಅಂತೆಲ್ಲ ನಾನು ಎಳೆಯೋದಿಲ್ಲ. ಒಂದು ಸಾಲು ಬರೆದುಕೊಡು, ಅವಳದನ್ನ ನೋಡಿ ಬರೆದೆ ಅಂತ. ನಿನ್ನ ಹೆಸರು ವಾಪಸ್ ತಗೋತೀನಿ, ಅವಳದು ಉಳಿಯುತ್ತೆ. ನಾಳೆ ಹನ್ನೆರಡು ಗಂಟೆವರೆಗೂ ಇಲ್ಲೇ ಇರ್ತೀನಿ."

ಒಂದು ಸಾಲು. ಅದೂ ಪ್ರಶ್ನೆ ಕೊಟ್ಟು ಉತ್ತರವನ್ನೂ ಅವರೇ ಹೇಳಿಕೊಟ್ಟ ಸಾಲು.

ಮಾರನೇ ದಿನ ಹತ್ತು ಗಂಟೆಗೆ ಆ ಕೋಣೆಯ ಬಾಗಿಲವರೆಗೆ ಹೋದೆ. ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಬೈಯಲಿಲ್ಲ. "ಹೇಳ್ಬುಡೋ," ಅಂದಳು. "ನಾನು ಯಾರಿಗೂ ಹೇಳಲ್ಲ ಕಣೋ. ಮನೇಲೂ ಹೇಳಲ್ಲ. ಒಂದ್ಸಲ ಹೇಳ್ಬುಡು ಅಷ್ಟೆ." ಕೈ ಮುಗಿಯುವುದೊಂದು ಬಾಕಿ ಇತ್ತು. ನಾನು ಬರೆದುಕೊಟ್ಟರೆ ಆ ಕಾಗದ ಕಾಲೇಜಿನಲ್ಲಿ ಉಳಿಯುತ್ತದೆ, ಮುಂದೆ ಕೆಲಸಕ್ಕೆ ಕಂಪನಿಗಳು ಬಂದಾಗ ಯಾರಾದರೂ ತೆಗೆದು ತೋರಿಸುತ್ತಾರೆ, ಮೊದಲ ರ‍್ಯಾಂಕಿನವನು ಮೂರು ವರ್ಷವೂ ಹೀಗೇ ಮಾಡಿದ್ದಾನೆ ಅಂತಾರೆ. ಇಂಥವೇ ತಲೆಯಲ್ಲಿ. "ನೀರು ಕುಡ್ಕೊಂಡು ಬರ್ತೀನಿ" ಅಂದೆ. ಹೋದವನು ಗ್ರಂಥಾಲಯದಲ್ಲಿ ಕೂತೆ. ಗೋಡೆ ಗಡಿಯಾರದಲ್ಲಿ ಹನ್ನೆರಡಾಗುವುದನ್ನು ಪೂರ್ತಿ ನೋಡಿದೆ. ಅದಕ್ಕಿಂತ ಹೇಡಿಯಾಗಿ ನಾನು ಯಾವತ್ತೂ ಕೂತಿಲ್ಲ.

ಕಾಲೇಜು ಎರಡೂ ಹೆಸರು ವಾಪಸು ತೆಗೆದುಕೊಂಡಿತು. ಮೂರನೆಯವನೊಬ್ಬನೇ ಜರ್ಮನಿಗೆ ಹೋದ. ಅವನ ಪತ್ರದಲ್ಲಿ ಬಾಲ್ಯದ ಕನಸು ಇತ್ತಂತೆ.

ಅವಳು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಪ್ರಯೋಗಶಾಲೆಯಲ್ಲಿ ಬರೆಯುವ ಕೆಲಸ ಬಿಟ್ಟಳು, ರೆಕಾರ್ಡ್ ಕೇಳಿದವರಿಗೆ ಕೊಡುವುದೂ ಬಿಟ್ಟಳು. ಎಂಟನೇ ಸೆಮಿಸ್ಟರಿನಲ್ಲಿ ಡ್ರೈಯರ್ ಮಾಡಲಿಲ್ಲ, ಯಾರೋ ಕೊಟ್ಟ ಪ್ರಾಜೆಕ್ಟಿನಲ್ಲಿ ನಾಲ್ಕನೆಯವಳಾಗಿ ಸೇರಿಕೊಂಡಳು. ನನಗೆ ಮಾತ್ರ ಒಳ್ಳೆಯ ಕೆಲಸ ಸಿಕ್ಕಿತು. ಆ ಕಾಗದ ಬರೆದುಕೊಟ್ಟಿದ್ದರೂ ಸಿಗುತ್ತಿತ್ತು ಅಂತ ಈಗ ಗೊತ್ತು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಮರೆಯುವುದರಲ್ಲಿ ನಾನು ಸಮರ್ಥ. ಆದರೆ ಆ ಆರನೇ ಸೆಮಿಸ್ಟರ್ ಮುಗಿದ ಜೂನ್ ರಜೆಯಲ್ಲೇ ಊರಿಗೆ ಹೋಗುವಾಗ ಬಾಳ್ಳುಪೇಟೆಯಲ್ಲಿ ಬಸ್ಸು ಬದಲಿಸಲು ಇಳಿದೆ. ಮಧ್ಯಾಹ್ನ. ಹೋಟೆಲಿನ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಅವಳಪ್ಪ, ರೈಟರು, ಗೊಬ್ಬರದ ಅಂಗಡಿಯಿಂದ ಕೊಡೆ ಮಡಚುತ್ತಾ ಬಂದವರು ನನ್ನನ್ನು ಗುರುತಿಸಿದರು. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ.

"ನಿಂಗೂ ಸಿಗ್ಲಿಲ್ವಂತಲ್ಲಪ್ಪ," ಅಂದರು, ನನ್ನ ಭುಜ ಹಿಡಿದು. "ಬೇಜಾರ್ ಮಾಡ್ಕಬ್ಯಾಡ. ಚಿಕ್ ವಯಸ್ಸು." ಅವಳು ಮನೆಯಲ್ಲಿ ಹೇಳಿರಲಿಲ್ಲ. ಬೆಂಚಿನ ಮುಂದೆ ಕೊಟ್ಟ ಮಾತನ್ನು, ನಾನು ನನ್ನ ಪಾಲು ಮಾಡದಿದ್ದರೂ, ಅವಳು ಉಳಿಸಿಕೊಂಡಿದ್ದಳು.

ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿದರು. "ಒಂದ್ ಮಾತು ಕೇಳ್ತೀನಿ. ಅವ್ಳು ಆ ಕಾಗ್ದಾನ ಒಲೆಗಾಕ್ಬುಟ್ಳು ಕಣಪ್ಪ. ಏನ್ ಬರ್ದಿದ್ದೆ ಅಂದ್ರೆ ಬಾಯೇ ಬಿಡಲ್ಲ. ನನ್ ಇಂಗ್ಲಿಷು ಹಾಜ್ರಿ ಬರೆಯೋಕಷ್ಟೇ ಸಾಕು. ನೀವಿಬ್ರೂ ಒಟ್ಟಿಗೆ ಹಾಕಿದ್ರಲ್ಲ, ನಿಂಗೇನಾದ್ರೂ ಗೊತ್ತಾ, ಏನ್ ಬರ್ದಿದ್ಳು?"

ನನ್ನ ಬ್ಯಾಗಿನ ಫೈಲಿನಲ್ಲಿ ನನ್ನ ಪತ್ರದ ಪ್ರತಿ ಇತ್ತು. ಯಾಕೆ ಇಟ್ಟುಕೊಂಡಿದ್ದೆನೋ ಗೊತ್ತಿಲ್ಲ. ತೆಗೆದೆ. "ಒಂದು ಪ್ರತಿ ನನ್ನತ್ರ ಐತೆ ರೈಟ್ರೇ," ಅಂದೆ. ಕೆಳಗಿನ ನನ್ನ ಸಹಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತಾ ಹೋದೆ. 'ನಮ್ಮ ಎಸ್ಟೇಟಿನಲ್ಲಿ' ಅಂತ ಇದ್ದಲ್ಲಿ 'ನಮ್ಮಪ್ಪ ರೈಟರ್ ಆಗಿರೋ ಎಸ್ಟೇಟಿನಲ್ಲಿ' ಅಂದೆ. ಕದ್ದದ್ದನ್ನು ಬಾಯಲ್ಲಾದರೂ ವಾಪಸು ಕೊಡುತ್ತಿದ್ದೆ.

ಹಲ್ಲಿನಲ್ಲಿ ಕಚ್ಚುವ ಸಾಲು ಬಂದಾಗ ಅವರು ನಕ್ಕರು. "ಅದ್ನೂ ಬರ್ದವ್ಳಾ?" ಅಂದು ಪಕ್ಕದ ಮೇಜಿನವರನ್ನು ನೋಡಿದರು, ಅವರಿಗೂ ಕೇಳಿಸಲಿ ಅನ್ನುವಂತೆ. ಕಾಫಿ ಆರುತ್ತಿತ್ತು, ಅವರು ಮುಟ್ಟಲಿಲ್ಲ. ತಟ್ಟೆ, ತಕ್ಕಡಿ, ಬೆಳಿಗ್ಗೆ ಸಂಜೆಯ ತೂಕ, ಪ್ರತಿಯೊಂದಕ್ಕೂ "ಹೂಂ, ಹೂಂ" ಅಂತ ತಲೆ ಆಡಿಸಿದರು. ನಾನು ಏಳನೇ ದಿನಕ್ಕೆ ಬಂದೆ. ಇನ್ನೂರು ಗ್ರಾಂ ಏರಿತು ಅಂದೆ.

ಅವರ ಮುಖ ಇಳಿಯಿತು.

"ಅದ್ನ ಬರ್ದೇ ಬುಟ್ಳಾ?" ಅಂದರು. ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿದರು. "ಅದು ನನ್ ತಪ್ಪು ಕಣಪ್ಪ. ಆ ಸಂಜೆ ಟಾರ್ಪಾಲು ಹೊದಿಸೋದು ಮರ್ತ್ ಹೋಗ್ಬುಟ್ಟೆ. ಇಡೀ ರಾತ್ರಿ ಮಂಜು ಬಿದ್ ಬುಡ್ತು. ಬೆಳಿಗ್ಗೆ ಅವ್ಳು ತೂಗಿ ನೋಡಿ, 'ಅಪ್ಪ, ಏರೈತೆ' ಅಂದ್ಳು. ನಾನು, 'ಅದೊಂದ್ ದಿನದ್ದು ಬರೀಬ್ಯಾಡ ಮಗ, ಲೆಕ್ಕ ಕೆಡ್ತದೆ' ಅಂದೆ. ಕೇಳ್ಲಿಲ್ಲ." ಆಮೇಲೆ ಮೇಜಿನ ಮೇಲೆ ನನ್ನ ಕಡೆಗೆ ಬಾಗಿ, ಪಕ್ಕದವರಿಗೆ ಕೇಳದ ಹಾಗೆ ಕೇಳಿದರು. "ಅದ್ಕೇ ಏನಪ್ಪ, ಅವ್ರು ಬ್ಯಾಡ ಅಂದಿದ್ದು?"

"ಇಲ್ಲ ರೈಟ್ರೇ," ಅಂದೆ. "ಅದ್ಕಲ್ಲ."

"ಮತ್ಯಾಕೆ?"

ಹೊರಗೆ ಒಂದು ಬಸ್ಸು ಬಂದು ನಿಂತಿತು. "ಬಸ್ ಬಂತು" ಅಂದು ಎದ್ದೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು, ಅವರ ಮನಸ್ಸು ನೋಯಿಸಬಾರದೆಂದು ನಾನು ನಿಜ ಮುಚ್ಚಿಡುತ್ತಿದ್ದೇನೆ ಅಂತ ಅವರಿಗೆ ಖಾತ್ರಿಯಾಗಿತ್ತು. "ಗೊತ್ತಾಯ್ತು ಬುಡಪ್ಪ," ಅಂದರು. ಆ ಬಸ್ಸು ಹಾಸನದ ಕಡೆಗೆ ಹೋಗುವುದು. ನಾನು ಹೋಗಬೇಕಾದದ್ದು ಸಕಲೇಶಪುರದ ಕಡೆಗೆ. ಹತ್ತಿ ಕೂತೆ.